ಹಾಸನಾಂಬೆ ಜಾತ್ರೇಲಿ ಫುಲ್ ಸಿಗ್ನಲ್ ಇದ್ರೂ ನೆಟ್ ಓಡಲ್ಲ ಯಾಕೆ? 5ಜಿ, 4ಜಿ, ಎರಡನೇ ಸಿಮ್, ವೈಫೈ, ಯಾವಾಗ ಯಾವ್ದು

ನಮ್ ಚಿಕ್ಕಪ್ಪ ಪ್ರತಿ ವರ್ಷ ಹಾಸನಾಂಬೆ ಬಾಗಿಲು ತೆಗೆದಾಗ ಗುಡಿ ಹತ್ರ ಹಣ್ಣು-ಕಾಯಿ ಅಂಗಡಿ ಹಾಕ್ತಾರೆ, ಸಂಜೆ ಹೊತ್ತು ನಾನೂ ಹೋಗಿ ನಿಂತ್ಕೋತೀನಿ. ಹೋದ ಸಲ ಒಂದು ಸಂಜೆ ಏಳು ಗಂಟೆ ಸುಮಾರಿಗೆ ಅಂಗಡಿ ಮುಂದೆ ಎಂಟು ಜನ ಫೋನ್ ಎತ್ತಿ ಹಿಡ್ಕೊಂಡು ನಿಂತಿದ್ರು, ಎಂಟೂ ಜನರ ಫೋನಲ್ಲಿ ಯುಪಿಐ ಆಪ್ ಸುತ್ತಾನೇ ಇತ್ತು. ಒಬ್ಬರು "ನಿಮ್ ಕ್ಯೂಆರ್ ಕೋಡ್ ಸರಿ ಇಲ್ಲ ಕಣ್ರೀ" ಅಂದ್ರು, ಇನ್ನೊಬ್ರು ಕಾಯಿ ವಾಪಸ್ ಇಟ್ಟು ಹೋದ್ರು, ಒಬ್ಬ ಅಜ್ಜಿ ಮಾತ್ರ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟು ಮುಂದೆ ಹೋದ್ರು. ಚಿಕ್ಕಪ್ಪ ಅವರ ಫೋನ್ ನನ್ ಮುಂದೆ ಹಿಡಿದು "ನೋಡಪ್ಪ, ನಾಲ್ಕು ಕಡ್ಡಿ ಫುಲ್ ಇದೆ, ಟವರ್ ಇಲ್ಲೇ ಕಾಣ್ತಾ ಇದೆ, ಮತ್ತೆ ಯಾಕೆ ಹಿಂಗೆ?" ಅಂತ ಕೇಳಿದ್ರು.

ಆ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಾದ್ರೆ ಮಾತ್ರ ಯಾವ ಉಪಾಯ ಕೆಲಸ ಮಾಡುತ್ತೆ ಯಾವ್ದು ಮಾಡಲ್ಲ ಅಂತ ಆರಿಸ್ಕೊಳಕ್ಕಾಗೋದು. ಒಬ್ಬರು 5ಜಿ ಆಫ್ ಮಾಡಿ ಅಂತಾರೆ, ಇನ್ನೊಬ್ರು ಏರೋಪ್ಲೇನ್ ಮೋಡ್ ಹಾಕಿ ತೆಗೀರಿ ಅಂತಾರೆ, ಮತ್ತೊಬ್ರು ಫೋನ್ ರೀಸ್ಟಾರ್ಟ್ ಅಂತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದ್ರೆ ಯಾವಾಗ ಅನ್ನೋದು ಮುಖ್ಯ. ನಾನು ಕೆಲಸ ಮಾಡೋದು ಇದೇ ಫೀಲ್ಡಲ್ಲಿ, ಹಾಗಾಗಿ ಗೊತ್ತಿರೋದನ್ನ ನಮ್ಮೂರಿನ ಕ್ಯೂ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು ಆ ಕಡ್ಡಿಗಳ ವಿಷಯ. ಫೋನ್ ಮೇಲೆ ಕಾಣೋ ಕಡ್ಡಿ ಹೇಳೋದು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳ್ತಿದೆ ಅನ್ನೋದನ್ನ ಅಷ್ಟೇ. ಆ ಟವರಿಗೆ ನಿಮ್ ಕಡೆ ತಿರುಗಿ ಮಾತಾಡಕ್ಕೆ ಪುರುಸೊತ್ತು ಇದೆಯಾ ಅನ್ನೋದನ್ನ ಅದು ಹೇಳೋದೇ ಇಲ್ಲ. ಗುಡಿ ಗೋಪುರ ಕಣ್ಣಿಗೆ ಚೆನ್ನಾಗಿ ಕಾಣ್ತಿದೆ ಅಂದ ಮಾತ್ರಕ್ಕೆ ದರ್ಶನ ಬೇಗ ಆಗಲ್ಲ ಅಲ್ವಾ, ಧರ್ಮದರ್ಶನದ ಸಾಲು ಎಷ್ಟು ಉದ್ದ ಇದೆ ಅನ್ನೋದ್ರ ಮೇಲೆ ಅದು. ಹಾಗೇನೇ.

ಈಗ ಸಾಲು ಎಷ್ಟು ಉದ್ದ ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಟವರಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆಂಟೆನಾ ಇರುತ್ತೆ, ಒಂದೊಂದು ದಿಕ್ಕನ್ನ ಒಂದು ಸೆಕ್ಟರ್ ಅಂತೀವಿ. ಒಂದು ಸೆಕ್ಟರಲ್ಲಿ 20 ಮೆಗಾಹರ್ಟ್ಸ್ ಅಗಲದ ಒಂದು 4ಜಿ ಚಾನೆಲ್ ಇದೆ ಅನ್ಕೊಳ್ಳಿ. ಒಂದೇ ಗಳಿಗೇಲಿ ಎರಡು ಧಾರೆ ಡೇಟಾ ಕಳಿಸೋ ಲೆಕ್ಕದಲ್ಲಿ ಪೇಪರ್ ಮೇಲೆ ಅದು 150 ಎಂಬಿಪಿಎಸ್ ಕೊಡುತ್ತೆ, ಆದ್ರೆ ಅದು ಟವರ್ ಕೆಳಗೆ ಒಬ್ಬನೇ ನಿಂತಾಗಿನ ಮಾತು. ಹತ್ರ ಇರೋರು, ದೂರ ಇರೋರು, ಗೋಡೆ ಹಿಂದೆ ಇರೋರು ಎಲ್ಲಾ ಸೇರಿದಾಗ ಸೆಕ್ಟರಿಂದ ಒಟ್ಟು 35 ಎಂಬಿಪಿಎಸ್ ಆಸುಪಾಸು ಬರುತ್ತೆ ಅಂತ ಇಟ್ಕೊಳ್ಳಿ. ಬೇರೆ ದಿನ ಆ ಬೀದೀಲಿ ಒಂದೇ ಹೊತ್ತಿಗೆ ನೆಟ್ ಎಳೀತಿರೋರು ಹತ್ತು ಜನ ಇದ್ರೆ ತಲೆಗೆ 3.5 ಎಂಬಿಪಿಎಸ್, ಯೂಟ್ಯೂಬ್ ಆರಾಮಾಗಿ ಓಡುತ್ತೆ. ಜಾತ್ರೆ ದಿನ ಅದೇ ಸೆಕ್ಟರಲ್ಲಿ 350 ಜನ ಎಳೀತಿದ್ರೆ ತಲೆಗೆ 0.1 ಎಂಬಿಪಿಎಸ್. ಆಗ 10 ಎಂಬಿ, ಅಂದ್ರೆ 80 ಮೆಗಾಬಿಟ್ ವಿಡಿಯೋ ಒಂದು ಬರಕ್ಕೆ ಹದಿಮೂರು ನಿಮಿಷ ಬೇಕು. ಟವರ್ ಕೆಟ್ಟಿಲ್ಲ, ಸಿಗ್ನಲ್ ಕಡಿಮೆ ಆಗಿಲ್ಲ, ಹಂಚ್ಕೊಳ್ಳೋ ಕೈ ಜಾಸ್ತಿ ಆಗಿದೆ ಅಷ್ಟೇ.

ಆದ್ರೆ ಇಲ್ಲಿ ಒಂದು ಪ್ರಶ್ನೆ ಬರುತ್ತೆ. ಯುಪಿಐ ಪೇಮೆಂಟ್‌ಗೆ ಎಂಬಿಗಟ್ಟಲೆ ಡೇಟಾ ಏನೂ ಬೇಕಾಗಿಲ್ಲ, 0.1 ಎಂಬಿಪಿಎಸ್‌ನಲ್ಲೂ ಆರಾಮಾಗಿ ಆಗಬೇಕು, ಮತ್ತೆ ಯಾಕೆ ಆಗಲ್ಲ? ಯಾಕಂದ್ರೆ ಪೇಮೆಂಟ್ ಅನ್ನೋದು ಒಂದೇ ಸಲ ಹೋಗಿ ಬರೋ ಕೆಲಸ ಅಲ್ಲ. ಆಪ್ ತೆಗೀಬೇಕು, ಅದು ಸರ್ವರ್ ಹತ್ರ ಗುರುತು ಹೇಳ್ಕೋಬೇಕು, ಕ್ಯೂಆರ್ ಸ್ಕ್ಯಾನ್ ಆದ್ಮೇಲೆ ಅಂಗಡಿ ಹೆಸರು ತರಬೇಕು, ಪಿನ್ ಹೊಡೆದ ಮೇಲೆ ಅದನ್ನ ಕಳಿಸ್ಬೇಕು, ಆಮೇಲೆ ಆಯ್ತಾ ಇಲ್ವಾ ಅಂತ ಕೇಳಬೇಕು. ಇಷ್ಟು ಸಲ ಹೋಗಿ ಬಂದು ಮಾಡ್ಬೇಕು, ಪ್ರತಿ ಸಲಾನೂ ಸಾಲಲ್ಲಿ ನಿಲ್ಲಬೇಕು, ಒಂದು ಕಡೆ ತಡ ಆದ್ರೂ ಆಪ್ ಸುಸ್ತಾಗಿ ಕೈ ಬಿಡುತ್ತೆ. ಹಾಗಾಗಿ ಜಾತ್ರೇಲಿ ನಿಮಗೆ ಬೇಕಾಗಿರೋದು ಸ್ಪೀಡ್ ಅಲ್ಲ, ಸರದಿ ಬೇಗ ಸಿಗೋದು. ಇದನ್ನ ನೆನಪಿಟ್ಕೊಂಡ್ರೆ ಮುಂದಿಂದೆಲ್ಲಾ ಸುಲಭ.

ಸರದಿ ಸಿಗದೇ ಇರಕ್ಕೆ ಎರಡು ಕಾರಣ. ಒಂದು, ಬಾಗಿಲು. ನಿಮ್ ಫೋನ್ ಸ್ವಲ್ಪ ಹೊತ್ತು, ಅಂದ್ರೆ ಹತ್ತು ಸೆಕೆಂಡ್ ಆಸುಪಾಸು ಸುಮ್ನೆ ಇದ್ರೆ ಟವರ್ ಅದನ್ನ ಕಳಿಸಿಬಿಡುತ್ತೆ, ಮತ್ತೆ ಏನಾದ್ರೂ ಬೇಕು ಅಂದಾಗ ಫೋನ್ ಹೊಸದಾಗಿ ಬಾಗಿಲು ತಟ್ಟಬೇಕು. ಹಂಗೆ ತಟ್ಟಕ್ಕೆ 4ಜಿಯಲ್ಲಿ ಒಂದು ಸೆಲ್‌ಗೆ, ಅಂದ್ರೆ ಒಂದು ಸೆಕ್ಟರಿನ ಒಂದು ಚಾನೆಲ್‌ಗೆ, ಒಟ್ಟು 64 ಥರದ ತಟ್ಟೋ ಸದ್ದು ಇದೆ, ಅದರಲ್ಲೂ ಕೆಲವನ್ನ ಬೇರೆ ಕೆಲಸಕ್ಕೆ ಎತ್ತಿಟ್ಟಿರ್ತಾರೆ. ಇಬ್ಬರು ಒಂದೇ ಗಳಿಗೇಲಿ ಒಂದೇ ಸದ್ದು ಆರಿಸ್ಕೊಂಡ್ರೆ ಡಿಕ್ಕಿ, ಇಬ್ಬರೂ ಸ್ವಲ್ಪ ಕಾದು ಮತ್ತೆ ತಟ್ಟಬೇಕು. ಸಾವಿರಾರು ಫೋನ್‌ಗಳು ವಾಟ್ಸಾಪ್, ಮೇಲ್, ಹವಾಮಾನ, ಗೇಮು ಅಂತ ಜೇಬಲ್ಲಿ ಕೂತೇ ನಿಮಿಷಕ್ಕೊಂದ್ಸಲ ಬಾಗಿಲು ತಟ್ತಾ ಇದ್ರೆ ನಿಜವಾಗ್ಲೂ ದುಡ್ಡು ಕೊಡ್ಬೇಕು ಅಂತ ನಿಂತಿರೋನ ಸದ್ದು ಯಾರಿಗೂ ಕೇಳ್ಸಲ್ಲ.

ಎರಡನೇದು ಅಪ್‌ಲೋಡ್, ಅಂದ್ರೆ ಫೋನಿಂದ ಟವರ್ ಕಡೆಗೆ ಹೋಗೋ ದಾರಿ. ಟವರ್ ಹತ್ತಾರು ವಾಟ್ಸ್ ಪವರಲ್ಲಿ ಕೂಗುತ್ತೆ, ನಿಮ್ ಫೋನ್ ಜಾಸ್ತಿ ಅಂದ್ರೆ 200 ಮಿಲಿವಾಟ್ ಅಷ್ಟೇ. ಅದ್ರ ಮೇಲೆ 4ಜಿ ಓಡೋ ತರಂಗಗಳಲ್ಲಿ ಒಂದಾದ 2300 ಮೆಗಾಹರ್ಟ್ಸ್ ಬ್ಯಾಂಡಲ್ಲಿ ಹೋಗಕ್ಕೂ ಬರಕ್ಕೂ ಒಂದೇ ದಾರಿ, ಸಮಯ ಹಂಚ್ಕೋಬೇಕು, ಮಾಮೂಲಿ ಹಂಚಿಕೇಲಿ ಹತ್ತು ಪಾಲಲ್ಲಿ ಎರಡು ಪಾಲು ಮಾತ್ರ ಅಪ್‌ಲೋಡ್‌ಗೆ. ಬೇರೆ ದಿನ ಅದು ಸಾಕು, ಯಾಕಂದ್ರೆ ಎಲ್ರೂ ನೋಡೋರೇ. ಜಾತ್ರೇಲಿ ಎಲ್ರೂ ಕಳ್ಸೋರು: ಅಲಂಕಾರದ ಫೋಟೋ, ದೀಪದ ವಿಡಿಯೋ, ಸ್ಟೇಟಸ್ಸು, ವಿಡಿಯೋ ಕಾಲ್ ಮಾಡಿ ಬೆಂಗಳೂರಲ್ಲಿರೋ ಮಗಳಿಗೆ ಕ್ಯೂ ತೋರ್ಸೋದು. ಅದಕ್ಕೇ ಎಷ್ಟೋ ಸಲ ಬೇರೆಯವರ ಸ್ಟೇಟಸ್ ಓಪನ್ ಆಗುತ್ತೆ, ನಿಮ್ದು ಮಾತ್ರ ಹೋಗಲ್ಲ. ಪಿನ್ ಹೊಡೆದ ಮೇಲೆ ಸಿಕ್ಕಾಕ್ಕೊಳ್ಳೋದೂ ಎಷ್ಟೋ ಸಲ ಇದೇ ದಾರೀಲಿ.

ನಿಮ್ದು ಯಾವ ಕಾಯಿಲೆ ಅಂತ ಮೊದ್ಲು ನೋಡ್ಕೊಳ್ಳಿ

ಉಪಾಯ ಆರಿಸ್ಕೊಳ್ಳೋ ಮುಂಚೆ ಇದು ರಶ್ಶಾ ಅಥವಾ ಸಿಗ್ನಲ್ಲೇ ಇಲ್ವಾ ಅಂತ ತಿಳ್ಕೋಬೇಕು, ಎರಡಕ್ಕೂ ಮದ್ದು ಬೇರೆ. ತುಂಬಾ ಆಂಡ್ರಾಯ್ಡ್ ಫೋನ್‌ಗಳಲ್ಲಿ ಡಯಲರ್‌ಗೆ ಹೋಗಿ ಇದನ್ನ ಒತ್ತಿದ್ರೆ ಒಂದು ಟೆಸ್ಟಿಂಗ್ ಪೇಜ್ ಬರುತ್ತೆ:

```
*#*#4636#*#*
```

ಐಫೋನಲ್ಲಿ `*3001#12345#*` ಒತ್ತಿ ಕಾಲ್ ಬಟನ್ ಹೊಡೀಬೇಕು. ಅಲ್ಲಿ ಎರಡು ನಂಬರ್ ಹುಡುಕಿ. `RSRP` ಅನ್ನೋದು ದನಿ ಎಷ್ಟು ಜೋರು ಅನ್ನೋದು, -80, -90 ಅಂದ್ರೆ ಚೆನ್ನಾಗಿದೆ, -115 ದಾಟಿದ್ರೆ ತೀರಾ ವೀಕು. `RSRQ` ಅನ್ನೋದು ಆ ದನಿ ಸುತ್ತ ಎಷ್ಟು ಗಲಾಟೆ ಇದೆ ಅನ್ನೋದು, -10 ಅಥವಾ ಅದಕ್ಕಿಂತ ಮೇಲಿದ್ರೆ ಪರವಾಗಿಲ್ಲ, -15 ಇಂದ ಕೆಳಗೆ ಹೋದ್ರೆ ಗಲಾಟೆ ಜಾಸ್ತಿ. `RSRP` -82 ಇದ್ದು `RSRQ` -16 ತೋರಿಸ್ತಿದ್ರೆ ಅದು ಪಕ್ಕಾ ಜಾತ್ರೆ ಕಾಯಿಲೆ, ಟವರ್ ಹತ್ರಾನೇ ಇದೆ ಆದ್ರೆ ಸುತ್ತ ಎಲ್ಲಾ ತುಂಬಿ ಹೋಗಿದೆ. `RSRP` -118 ಇದ್ರೆ ಅದು ಕವರೇಜ್ ಕಾಯಿಲೆ. ಈ ಪೇಜ್ ಬರಲಿಲ್ಲ ಅಂದ್ರೂ ಚಿಂತೆ ಇಲ್ಲ, ಕಡ್ಡಿ ಫುಲ್ ಇದ್ದು, ಕಾಲ್ ಹೋಗ್ತಿದ್ದು, ನೆಟ್ ಮಾತ್ರ ನಿಂತಿದ್ರೆ ಅದೂ ರಶ್ಶೇ ಅಂತ ಹೇಳ್ಬೋದು.

ಒಂದು ವಿನಂತಿ, ಆ ಹೊತ್ತಲ್ಲಿ ಸ್ಪೀಡ್ ಟೆಸ್ಟ್ ಮಾತ್ರ ಮಾಡ್ಬೇಡಿ. ಅದು ಇರೋ ದಾರೀನೆಲ್ಲಾ ತುಂಬಿಸಿ ಅಳೆಯೋ ಆಪ್, 5ಜಿಯಲ್ಲಿ ಒಂದು ಸಲಕ್ಕೇ ನೂರಾರು ಎಂಬಿ ಎಳೆದುಬಿಡುತ್ತೆ, ಪಕ್ಕದಲ್ಲಿರೋರ ಪೇಮೆಂಟ್ ಅದರಿಂದ ಇನ್ನೂ ತಡ ಆಗುತ್ತೆ.

5ಜಿಯಲ್ಲೇ ಇರೋದಾ, 4ಜಿಗೆ ಇಳಿಸೋದಾ

ಇದ್ರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಎಲ್ರೂ ಕಣ್ಮುಚ್ಚಿ "5ಜಿ ಆಫ್ ಮಾಡಿ" ಅಂತಾರೆ, ಅದು ಅರ್ಧ ಸತ್ಯ.

ನಮ್ ದೇಶದಲ್ಲಿ 2022 ಅಕ್ಟೋಬರ್‌ನಲ್ಲಿ 5ಜಿ ಶುರುವಾದಾಗಿಂದ ಮುಖ್ಯವಾಗಿ ಓಡ್ತಿರೋದು 3300 ಮೆಗಾಹರ್ಟ್ಸ್ ಮೇಲಿನ ಬ್ಯಾಂಡಲ್ಲಿ, ಫೋನಲ್ಲಿ ಅದು `n78` ಅಂತ ಕಾಣುತ್ತೆ. ಅಲ್ಲಿ ಒಂದು ಚಾನೆಲ್ 100 ಮೆಗಾಹರ್ಟ್ಸ್ ತನಕ ಅಗಲ ಇರ್ಬೋದು, 4ಜಿ ಚಾನೆಲ್ಲಿಗಿಂತ ಐದು ಪಟ್ಟು. ಅದೂ ಅಲ್ದೆ ಆ ಆಂಟೆನಾ ಒಳಗೆ ಹತ್ತಾರು ಸಣ್ಣ ಆಂಟೆನಾ ಇರುತ್ತೆ, ಅವೆಲ್ಲಾ ಸೇರ್ಕೊಂಡು ಬೇರೆ ಬೇರೆ ದಿಕ್ಕಲ್ಲಿ ನಿಂತಿರೋರಿಗೆ ಒಂದೇ ಗಳಿಗೇಲಿ ಬೇರೆ ಬೇರೆ ಮಾತು ಕಳಿಸ್ಬೋದು. ಜೊತೆಗೆ ಜಾತ್ರೆಗೆ ಬಂದಿರೋ ಎಷ್ಟೋ ಜನರ ಕೈಲಿ ಇನ್ನೂ 4ಜಿ ಫೋನೇ ಇರೋದು, ಅವರೆಲ್ಲಾ 4ಜಿ ಸಾಲಲ್ಲೇ ನಿಲ್ಲಬೇಕು. ಹಾಗಾಗಿ ನಿಮಗೆ ಗಟ್ಟಿ 5ಜಿ ಸಿಗ್ತಿದ್ರೆ ಅದನ್ನ ಬಿಟ್ಟು 4ಜಿಗೆ ಇಳಿಯೋದು ಅಂದ್ರೆ ಖಾಲಿ ಸಾಲು ಬಿಟ್ಟು ತುಂಬಿದ ಸಾಲಿಗೆ ಹೋದ ಹಂಗೆ.

ತೊಂದ್ರೆ ಶುರುವಾಗೋದು 5ಜಿ ಗಟ್ಟಿ ಇಲ್ದೆ ಇದ್ದಾಗ. 3300 ಮೆಗಾಹರ್ಟ್ಸ್ ಅಲೆ ಗೋಡೆ ದಾಟಕ್ಕೆ ಕಷ್ಟ ಪಡುತ್ತೆ, ಜನರ ಮೈಯೇ ಅದನ್ನ ಹೀರ್ಕೊಳ್ಳುತ್ತೆ. ಕ್ಯೂ ಮಧ್ಯ ನಾಲ್ಕೂ ಕಡೆ ಜನ ಒತ್ತಿ ನಿಂತಿರೋವಾಗ ಟವರಿಂದ ಬರೋದೇನೋ ಕೇಳುತ್ತೆ, ಆದ್ರೆ ಫೋನಿನ ಸಣ್ಣ ದನಿ ವಾಪಸ್ ಟವರಿಗೆ ಮುಟ್ಟಲ್ಲ. ಆಗ ಫೋನ್ ಒಂದ್ಸಲ 5ಜಿ, ಒಂದ್ಸಲ 4ಜಿ ಅಂತ ಹಾರ್ತಾ ಇರುತ್ತೆ, ಪ್ರತಿ ಹಾರಾಟಕ್ಕೂ ಮತ್ತೆ ಮಾತುಕತೆ, ಅಷ್ಟರಲ್ಲಿ ಪೇಮೆಂಟ್ ಟೈಮ್ ಮುಗಿದಿರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. 5ಜಿಯನ್ನ ಎರಡು ಥರ ಕೊಡ್ತಾರೆ. ಒಂದು ತನ್ನ ಕಾಲ ಮೇಲೆ ತಾನೇ ನಿಂತಿರೋದು, ಜಿಯೋ ಶುರುವಿಂದ ಹಿಡಿದಿರೋ ದಾರಿ. ಇನ್ನೊಂದು 4ಜಿಯ ಹೆಗಲ ಮೇಲೆ ಕೂತಿರೋದು, ಏರ್‌ಟೆಲ್ ಶುರು ಮಾಡಿದ್ದು ಹಂಗೆ. ಎರಡನೇ ಥರದಲ್ಲಿ ಫೋನ್ ಮೊದಲು 4ಜಿ ಬಾಗಿಲು ತಟ್ಟಿ ಒಳಗೆ ಹೋಗಿ ಆಮೇಲೆ 5ಜಿ ಸೇರ್ಕೊಳ್ಳುತ್ತೆ, ಅಂದ್ರೆ 4ಜಿ ಬಾಗಿಲಲ್ಲಿ ನೂಕುನುಗ್ಗಲಿದ್ರೆ ಪಕ್ಕದ 5ಜಿ ಖಾಲಿ ಇದ್ರೂ ಅಲ್ಲಿಗೆ ತಲುಪಕ್ಕೇ ತಡ. ಒಂದ್ಸಲ ಒಳಗೆ ಹೋದ್ರೆ ಮಾತ್ರ ಜೋರು.

ಹಾಗಾಗಿ ನಾನು ಮಾಡೋದು ಹಿಂಗೆ. ಮೇಲೆ 5ಜಿ ಗುರುತು ಒಂದು ನಿಮಿಷ ಅಲ್ಲಾಡದೆ ನಿಂತಿದ್ರೆ ಮುಟ್ಟಕ್ಕೆ ಹೋಗಲ್ಲ. ಬರ್ತಾ ಹೋಗ್ತಾ ಇದ್ರೆ ಸೆಟ್ಟಿಂಗ್ಸಲ್ಲಿ ಸಿಮ್ ಒಳಗೆ `Preferred network type` ಅಂತ ಇರೋದನ್ನ 4ಜಿ ಅಥವಾ `LTE` ಗೆ ಇಳಿಸ್ತೀನಿ. ಅಲ್ಲಿಂದ ಹೊರಗೆ ಬಂದ ಮೇಲೆ ನೆನಪಿಂದ ವಾಪಸ್ ಹಾಕ್ಕೋಬೇಕು. 3ಜಿ, 2ಜಿಗೆ ಇಳ್ಸೋದು ನೆಟ್‌ಗೆ ಉಪಯೋಗ ಇಲ್ಲ, 2ಜಿ ನೆಟ್ಟಲ್ಲಿ ಈಗಿನ ಆಪ್‌ಗಳು ತೆರ್ಕೊಳ್ಳೋದೇ ಇಲ್ಲ.

ಎರಡನೇ ಸಿಮ್

ನನ್ ಕೇಳಿದ್ರೆ ಅಂಗಡಿ ಇಡೋರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ. ಒಂದೇ ಟವರ್ ಕಂಬದ ಮೇಲೆ ಮೂರು ಕಂಪನಿಯ ಆಂಟೆನಾ ಇರ್ಬೋದು, ಆದ್ರೂ ಅವರವರ ತರಂಗ ಅವರವರದ್ದು, ಸಾಲು ಬೇರೆ ಬೇರೆ. ಒಂದು ಕಂಪನಿ ಸಾಲಲ್ಲಿ ಕಾಲಿಡಕ್ಕಾಗದೇ ಇರೋವಾಗ ಇನ್ನೊಂದರಲ್ಲಿ ಹತ್ತು ಜನ ಇರ್ಬೋದು. ಸೆಟ್ಟಿಂಗ್ ಬದಲಾಯಿಸೋದ್ರಿಂದ ಅದೇ ಸಾಲಲ್ಲಿ ಸ್ವಲ್ಪ ಮುಂದೆ ಹೋಗ್ತೀರಾ, ಸಿಮ್ ಬದಲಾಯಿಸಿದ್ರೆ ಸಾಲೇ ಬದಲಾಗುತ್ತೆ.

ಆದ್ರೆ ಯಾವ ಕಂಪನಿ ಅಂತ ಆರಿಸೋದು ಹೆಂಗೆ? ಗ್ರಾಹಕರು ಕಡಿಮೆ ಇರೋ ಕಂಪನಿ ಅಂದ್ರೆ ಖಾಲಿ ಸಾಲು ಅಂತ ಅನ್ಕೋಬೇಡಿ, ಅವರ ಹತ್ರ ತರಂಗಾನೂ ಕಡಿಮೆ ಇರ್ಬೋದು, ಆ ಬೀದೀಲಿ ಟವರೂ ದೂರ ಇರ್ಬೋದು. ಅದೇ ಜಾಗದಲ್ಲಿ ರಶ್ ಹೊತ್ತಲ್ಲೇ ಪರೀಕ್ಷೆ ಮಾಡ್ಬೇಕು. ಬೆಳಿಗ್ಗೆ ಅಂಗಡಿ ಜೋಡಿಸೋವಾಗ ನೋಡಿದ್ರೆ ಎಲ್ಲಾ ಸಿಮ್ಮೂ ಓಡುತ್ತೆ. ಅಕ್ಕಪಕ್ಕದ ಅಂಗಡಿಯವರ ಹತ್ರ ಬೇರೆ ಬೇರೆ ಸಿಮ್ ಇರುತ್ತಲ್ಲ, ಸಂಜೆ ಏಳಕ್ಕೆ ಒಂದೇ ಫೋಟೋನ ಎಲ್ರೂ ಒಂದೇ ಸಲ ಕಳಿಸಿ ಯಾರ್ದು ಮೊದಲು ಹೋಯ್ತು ನೋಡಿ, ಅಷ್ಟು ಸಾಕು.

ಫೋನಲ್ಲಿ ಡೇಟಾ ತಾನಾಗೇ ಸಿಮ್ ಬದಲಾಯಿಸೋ ಆಯ್ಕೆ ಇರುತ್ತೆ, ಅದನ್ನ ನಂಬ್ಕೊಂಡು ಕೂರ್ಬೇಡಿ. ಸಾಮಾನ್ಯವಾಗಿ ಅದು ಸಿಗ್ನಲ್ ಹೋದಾಗ ಬದಲಾಯಿಸುತ್ತೆ, ಜಾತ್ರೇಲಿ ಸಿಗ್ನಲ್ ಹೋಗೋದೇ ಇಲ್ವಲ್ಲ. ಕೈಯಿಂದಾನೇ ಬದಲಾಯಿಸಿ, ಅರ್ಧ ನಿಮಿಷ ಬಿಡಿ, ಆಮೇಲೆ ಆಪ್ ತೆಗೀರಿ. ಬ್ಯಾಂಕಿಗೆ ಕೊಟ್ಟಿರೋ ನಂಬರಿನ ಸಿಮ್ ಫೋನಲ್ಲೇ ಇರಲಿ, ಡೇಟಾ ಮಾತ್ರ ಇನ್ನೊಂದರಿಂದ ಬಂದ್ರೆ ಯುಪಿಐ ಓಡುತ್ತೆ.

ಏರೋಪ್ಲೇನ್ ಮೋಡ್ ಒಂದೇ ಒಂದು ಸಲ ಹಾಕಿ ತೆಗೀಬೋದು. ಫೋನ್ ಹಳೇ ಸೆಲ್‌ಗೆ ಅಂಟ್ಕೊಂಡಿದ್ರೆ ಹೊಸದಾಗಿ ಹುಡುಕುತ್ತೆ. ಅದಾದ ಮೇಲೂ ಆಗ್ಲಿಲ್ಲ ಅಂದ್ರೆ ಹತ್ತು ಸಲ ಮಾಡಿದ್ರೂ ಆಗಲ್ಲ, ಸಾವಿರ ಜನ ಅದನ್ನೇ ಮಾಡ್ತಿದ್ರೆ ಬಾಗಿಲ ಹತ್ರ ನೂಕಾಟ ಇನ್ನೂ ಜಾಸ್ತಿ. ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ನಡೆದು ಒಂದು ಕಟ್ಟಡದ ಆ ಕಡೆಗೆ ಹೋಗಿ, ಬೇರೆ ಸೆಕ್ಟರ್ ಸಿಗುತ್ತೆ. ಮಹಡಿ ಮೇಲೆ ಹತ್ತಿದ್ರೆ ಒಳ್ಳೇದು ಅಂತ ಅನ್ಸುತ್ತೆ, ಆದ್ರೆ ಎತ್ತರದಲ್ಲಿ ಫೋನ್‌ಗೆ ಐದಾರು ಟವರ್ ಒಟ್ಟಿಗೆ ಕೇಳ್ಸಿ ಗಲಾಟೇನೇ ಜಾಸ್ತಿ ಆಗ್ಬೋದು.

ಅಂಗಡಿಗೆ ವೈಫೈ

ಜಾತ್ರೆ ಬೀದೀಲಿ ಕಟ್ಟಡದ ಅಂಗಡಿಯವರು ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿರ್ತಾರೆ, ಅದು ತಂತೀಲಿ ಬರೋ ನೆಟ್, ಟವರ್ ರಶ್ಶಿಗೂ ಅದಕ್ಕೂ ಸಂಬಂಧ ಇಲ್ಲ. ಹತ್ತು ದಿನಕ್ಕೆ ಅಂತ ಮಾತಾಡ್ಕೊಂಡು ಪಾಸ್‌ವರ್ಡ್ ಇಸ್ಕೊಂಡ್ರೆ ಅಂಗಡಿಯವರ ಸಮಸ್ಯೆ ಮುಕ್ಕಾಲು ಮುಗೀತು. ಒಂದೇ ಎಚ್ಚರ, ಮಾಮೂಲಿ 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದಕ್ಕೊಂದು ತಾಕದೇ ಇರೋ ಚಾನೆಲ್ ಇರೋದು ಮೂರೇ, 1, 6, 11. ಸುತ್ತ ನೂರು ಜನ ಹಾಟ್‌ಸ್ಪಾಟ್ ಹಾಕ್ಕೊಂಡಿದ್ರೆ ಅಲ್ಲೂ ಜಾತ್ರೇನೇ. ರೂಟರಲ್ಲಿ 5 ಗಿಗಾಹರ್ಟ್ಸ್ ಹೆಸರು ಬೇರೆ ಕಾಣ್ತಿದ್ರೆ ಅದಕ್ಕೇ ಸೇರ್ಕೊಳ್ಳಿ, ಹತ್ತಿಪ್ಪತ್ತು ಅಡಿ ದೂರಕ್ಕೆ ಅದೇ ಒಳ್ಳೇದು. ಇದು ಕ್ಯೂನಲ್ಲಿ ನಿಂತಿರೋ ಭಕ್ತರಿಗೆ ಆಗೋ ಉಪಾಯ ಅಲ್ಲ, ಬಿಡಿ.

ಆದ್ರೆ ವೈಫೈ ನಿಮ್ ಫೋನ್‌ಗೆ ಬಂತು ಅಂದ್ರೆ ಗಿರಾಕಿ ಫೋನ್ ಓಡಲ್ವಲ್ಲ? ಅದೂ ನಿಜ. ಅದಕ್ಕೆ ಚಿಕ್ಕಪ್ಪ ಮಾಡಿದ್ದನ್ನ ಕೊನೆಗೆ ಹೇಳ್ತೀನಿ.

ನೆಟ್ಟೇ ಬೇಡದ ದಾರಿಗಳು

ಇಲ್ಲಿ ಒಂದು ಒಳ್ಳೇ ವಿಷಯ ಇದೆ. ಹಾಸನಾಂಬೆ ದರ್ಶನಕ್ಕೆ ಧರ್ಮದರ್ಶನದ ಸಾಲು ಬೇರೆ, ವಿಶೇಷ ದರ್ಶನದ ಟಿಕೆಟ್ ಸಾಲು ಬೇರೆ ಇರುತ್ತಲ್ಲ, ಟವರಲ್ಲೂ ಹಂಗೇ. ನೀವು ಮಾಡೋ ಮಾಮೂಲಿ ಕಾಲ್, ಅಂದ್ರೆ ವೋಲ್ಟೆ ಕಾಲ್, ವಿಶೇಷ ಸಾಲಲ್ಲಿ ಹೋಗುತ್ತೆ. ಅದಕ್ಕೆ ಅಂತ ಒಂದು ಪಾಲು ಎತ್ತಿಟ್ಟು ಮೊದಲು ಕಳಿಸ್ತಾರೆ. ವಾಟ್ಸಾಪ್ ಕಾಲ್ ಧರ್ಮದರ್ಶನದ ಸಾಲು. ಜಾತ್ರೇಲಿ ಮಕ್ಕಳು, ವಯಸ್ಸಾದವರು ತಪ್ಪಿಸ್ಕೊಂಡಾಗ ವಾಟ್ಸಾಪ್ ಕಾಲ್, ಲೈವ್ ಲೊಕೇಶನ್ ಅಂತ ಒದ್ದಾಡ್ಬೇಡಿ, ನೇರವಾಗಿ ನಂಬರ್ ಒತ್ತಿ. ಕಾಲ್ ಸೇರಕ್ಕೂ ಬಾಗಿಲು ತಟ್ಟಲೇಬೇಕು, ಹಾಗಾಗಿ ಒಂದೆರಡು ಸಲ ಹೋಗ್ದೇ ಇರ್ಬೋದು, ಒಂದ್ಸಲ ಸೇರಿದ್ರೆ ಮಾತು ಸರಿಯಾಗಿ ಕೇಳುತ್ತೆ. ಎಸ್‌ಎಂಎಸ್ ಇನ್ನೂ ಹಗುರ. "ದೊಡ್ಡ ಗೇಟ್ ಹತ್ರ ಇದೀನಿ" ಅಂತ ಒಂದು ಸಾಲು ಎಸ್‌ಎಂಎಸ್ ಹೋಗೋ ಜಾಗದಲ್ಲಿ ವಾಟ್ಸಾಪಿನ ಒಂದು ಟಿಕ್ಕೂ ಬಿದ್ದಿರಲ್ಲ.

ದುಡ್ಡಿನ ವಿಷಯದಲ್ಲಿ `*99#` ಅಂತ ಒಂದಿದೆ, ಡಯಲ್ ಮಾಡಿದ್ರೆ ಮೆನು ಬರುತ್ತೆ, ಇಂಟರ್ನೆಟ್ ಬೇಡ, ಒಂದು ಸಲಕ್ಕೆ 5000 ರೂಪಾಯಿ ತನಕ. ಎಲ್ಲಾ ಸಿಮ್ಮಲ್ಲೂ ಓಡುತ್ತೆ ಅಂತ ಇಲ್ಲ, ಮನೇಲೇ ಒಂದು ರೂಪಾಯಿ ಕಳಿಸಿ ನೋಡ್ಕೊಂಡು ಬನ್ನಿ. ಕಾಲ್ ಮಾಡಿ ದುಡ್ಡು ಕಳಿಸೋ ಯುಪಿಐ 123ಪೇ ಅಂತಾನೂ ಇದೆ, ಅದನ್ನೂ ಮುಂಚೇನೇ ಸೆಟ್ ಮಾಡಿರಬೇಕು. ಎರಡೂ ನಿಧಾನ, ಹಿಂದೆ ಹತ್ತು ಜನ ನಿಂತಿರೋವಾಗ ಮೆನು ಒತ್ತಕ್ಕೆ ತಾಳ್ಮೆ ಬೇಕು. ಯುಪಿಐ ಲೈಟ್ ಅಂದ್ರೆ ನೆಟ್ ಇಲ್ದೆ ಓಡುತ್ತೆ ಅಂತ ತುಂಬಾ ಜನ ಅನ್ಕೊಂಡಿದಾರೆ, ಮಾಮೂಲಿ ಲೈಟ್‌ಗೂ ನೆಟ್ ಬೇಕು. ಆದ್ರೂ ಜಾತ್ರೆಗೆ ಅದು ವಾಸಿ, 1000 ರೂಪಾಯಿ ತನಕ ಪಿನ್ ಹೊಡೆಯೋ ಹಂತ ಇಲ್ಲ, ಆ ಗಳಿಗೇಲಿ ಬ್ಯಾಂಕ್ ಖಾತೆ ತನಕ ಹೋಗೋ ಕೆಲಸಾನೂ ಇಲ್ಲ. 5000 ತನಕ ತುಂಬಿಟ್ಕೋಬೋದು, ಮನೇಲೇ ತುಂಬ್ಕೊಂಡು ಬನ್ನಿ.

ಪೇಮೆಂಟ್ ಪೆಂಡಿಂಗ್ ಅಂತ ನಿಂತ್ರೆ ಮತ್ತೆ ತಕ್ಷಣ ಇನ್ನೊಂದ್ಸಲ ಹೊಡೀಬೇಡಿ. ದುಡ್ಡು ಹೋಗಿ ಉತ್ತರ ಮಾತ್ರ ಸಾಲಲ್ಲಿ ಸಿಕ್ಕಾಕ್ಕೊಂಡಿರ್ಬೋದು. ಅಂಗಡಿಯ ಸೌಂಡ್ ಬಾಕ್ಸ್ ಒಳಗೂ ಒಂದು ಸಿಮ್ ಇರುತ್ತೆ, ಅದೂ ಅದೇ ಸಾಲಲ್ಲೇ ನಿಂತಿರುತ್ತೆ, ಹಾಗಾಗಿ ಬಾಕ್ಸ್ ಮಾತಾಡ್ಲಿಲ್ಲ ಅಂದ್ರೆ ದುಡ್ಡು ಬಂದಿಲ್ಲ ಅಂತ ಅರ್ಥ ಅಲ್ಲ. ಅಂಗಡಿಗೆ ಮಾಡಿದ ಪೇಮೆಂಟ್ ಖಾತೆಯಿಂದ ಕಟ್ ಆಗಿ ಅಂಗಡಿಗೆ ಖಾತ್ರಿ ಆಗ್ದೇ ಇದ್ರೆ ಐದು ದಿನದೊಳಗೆ ವಾಪಸ್ ಹಾಕ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ.

ಇನ್ನು ಯಾವ ಖರ್ಚೂ ಇಲ್ಲದ್ದು ಒಂದು: ಗುಡಿ ಬೀದಿಗೆ ಬರೋ ಮುಂಚೆ ಫೋಟೋ ಬ್ಯಾಕಪ್ಪು, ಆಪ್ ಅಪ್‌ಡೇಟು ಮೊಬೈಲ್ ಡೇಟಾದಲ್ಲಿ ಓಡದ ಹಂಗೆ ನಿಲ್ಸಿ, ಡೇಟಾ ಸೇವರ್ ಆನ್ ಮಾಡಿ. ನೂರು ಫೋಟೋ ತೆಗೆದಾಗ ಜೇಬಲ್ಲಿರೋ ಫೋನ್ ಅದನ್ನೆಲ್ಲಾ ಮೇಲಕ್ಕೆ ಕಳಿಸ್ತಾ ಕೂತಿದ್ರೆ ನಿಮ್ದೇ ಪೇಮೆಂಟ್ ನಿಮ್ದೇ ಫೋಟೋಗಳ ಹಿಂದೆ ನಿಂತಿರುತ್ತೆ.

ಎಲ್ಲಾ ಕಡೆ ಒಂದೇ ಮದ್ದು ಅಲ್ಲ

ದೀಪಾವಳಿಗೆ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟ ಹತ್ತೋರಿಗೆ ಕಥೆ ಬೇರೆ. ಅಲ್ಲಿ ಜನಾನೂ ಇದಾರೆ, ಟವರೂ ದೂರ, ಮಧ್ಯ ಗುಡ್ಡ. ಅಲ್ಲಿ 5ಜಿ ಹುಡುಕಿ ಹುಡುಕಿ ಬ್ಯಾಟರಿ ಮುಗಿಯುತ್ತೆ, ಹತ್ತೋ ಮುಂಚೇನೇ 4ಜಿಗೆ ಇಳಿಸಿ. 700, 850, 900 ಥರದ ಕೆಳಗಿನ ಬ್ಯಾಂಡ್ ಇರೋ ಸಿಮ್ ದೂರಕ್ಕೆ ಮುಟ್ಟುತ್ತೆ. ಮುಖ್ಯವಾಗಿ ಎಲ್ಲಿ ಸೇರ್ಬೇಕು ಅಂತ ಕೆಳಗೇ ಮಾತಾಡ್ಕೊಂಡು ಹತ್ತಿ. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಥರದ ಜಾಗದಲ್ಲಿ ತಗಡಿನ ಶೀಟು ಇರೋ ಕಡೆ ಸಿಗ್ನಲ್ಲೇ ಒಳಗೆ ಬರಲ್ಲ, ನಾಲ್ಕು ಹೆಜ್ಜೆ ಬಯಲಿಗೆ ಬಂದ್ರೆ ಅರ್ಧ ಕೆಲಸ ಆಗುತ್ತೆ. ಬೆಂಗಳೂರಿನ ದೊಡ್ಡ ಸ್ಟೇಡಿಯಂ ಥರದ ಕಡೆ ಕಂಪನಿಯವರು ಚಾವಣಿಗೆ ಸಣ್ಣ ಸಣ್ಣ ಆಂಟೆನಾ ಹಾಕಿ ಸೀಟುಗಳನ್ನ ತುಂಡು ತುಂಡಾಗಿ ಹಂಚ್ಬೋದು, ಜಾತ್ರೆ ಬೀದೀಲಿ ಹತ್ತು ದಿನಕ್ಕೋಸ್ಕರ ಜಾಸ್ತಿ ಅಂದ್ರೆ ಗಾಡಿ ಮೇಲಿನ ಟವರ್ ತಂದು ನಿಲ್ಲಿಸ್ಬೋದು ಅಷ್ಟೇ.

ಈಗ ಚಿಕ್ಕಪ್ಪನ ಅಂಗಡಿ ವಿಷಯ. ಆ ಸಂಜೆ ನೋಡಿದಾಗ ಅವರ ಫೋನಲ್ಲಿ `RSRP` -84, `RSRQ` -17 ಇತ್ತು, 5ಜಿ ಗುರುತು ಬಂದು ಬಂದು ಹೋಗ್ತಿತ್ತು. ಮೊದ್ಲು 4ಜಿಗೆ ಇಳಿಸಿದೆ, ಹಾರಾಟ ನಿಂತ್ರೂ ಪೇಮೆಂಟ್ ನಿಧಾನವೇ, ಅಂದ್ರೆ ಆ 4ಜಿ ಸಾಲೇ ತುಂಬಿತ್ತು. ನನ್ ಫೋನಲ್ಲಿ ಬೇರೆ ಕಂಪನಿ ಸಿಮ್, 5ಜಿ ಗಟ್ಟಿಯಾಗಿ ನಿಂತಿತ್ತು, ಒಂದು ಫೋಟೋ ಕಳಿಸಿ ನೋಡಿದ್ರೆ ನನ್ನಿಂದ ಮೂರು ಸೆಕೆಂಡಲ್ಲಿ ಹೋಯ್ತು. ಮಾರನೇ ದಿನ ಎರಡು ಬದಲಾವಣೆ ಮಾಡಿದ್ವಿ. ಎದುರಿನ ಬಟ್ಟೆ ಅಂಗಡಿಯವರ ಫೈಬರ್ ವೈಫೈಗೆ ಚಿಕ್ಕಪ್ಪನ ಫೋನ್ ಸೇರಿಸಿದ್ವಿ, ದುಡ್ಡು ಬಂದಿದ್ದು ಆಪಲ್ಲೇ ನೋಡ್ಕೊಳ್ಳೋ ಹಂಗೆ, ಸೌಂಡ್ ಬಾಕ್ಸ್ ಕಾಯೋದು ಬಿಟ್ವಿ. ಎರಡನೇದು ಒಂದು ಹಳೇ ಫೋನ್‌ಗೆ ನನ್ ಕಂಪನಿಯದ್ದೇ ಇನ್ನೊಂದು ಸಿಮ್ ಹಾಕಿ ಹಾಟ್‌ಸ್ಪಾಟ್ ಆನ್ ಮಾಡಿಟ್ವಿ. ಅದು 4ಜಿ ಫೋನು, ನನ್ ಫೋನಿನಷ್ಟು ಜೋರಿಲ್ಲ, ಆದ್ರೂ ಚಿಕ್ಕಪ್ಪನ ಸಿಮ್ಮಿಗಿಂತ ಎಷ್ಟೋ ವಾಸಿ. ಪೇಮೆಂಟ್ ಸುತ್ತಾ ಇರೋ ಗಿರಾಕಿಗೆ ಮಾತ್ರ ಅದನ್ನ ಕೊಡೋದು.

"ಎಲ್ರಿಗೂ ಕೊಟ್ರೆ?" ಅಂತ ಚಿಕ್ಕಪ್ಪ ಕೇಳಿದ್ರು. "ಬೇಡ ಚಿಕ್ಕಪ್ಪ, ಒಂದು ಸಲಕ್ಕೆ ಇಬ್ಬರು ಮೂವರು ಸಾಕು, ಜಾಸ್ತಿ ಆದ್ರೆ ಇದೂ ಅದೇ ಕ್ಯೂ ಆಗುತ್ತೆ" ಅಂದೆ. ಪಾಸ್‌ವರ್ಡ್‌ನ ದಿನಾ ಸಂಜೆ ಬದಲಾಯಿಸ್ತಿದ್ವಿ, ಇಲ್ಲಾಂದ್ರೆ ನಿನ್ನೆ ಬಂದಿದ್ದೋರು ಕ್ಯೂನಲ್ಲಿ ಕೂತು ರೀಲ್ಸ್ ನೋಡ್ತಿರ್ತಾರೆ. ಜೊತೆಗೆ ಚಿಕ್ಕಮ್ಮ ಬ್ಯಾಂಕಿಗೆ ಹೋಗಿ ಹತ್ತು, ಇಪ್ಪತ್ತರ ನೋಟಿನ ಕಟ್ಟು ತಂದಿಟ್ಟಿದ್ರು, ಚಿಲ್ಲರೆ ಇದೆ ಅಂತ ಒಂದು ರಟ್ಟಿನ ಮೇಲೆ ಬರೆದು ಕ್ಯೂಆರ್ ಪಕ್ಕಾನೇ ನೇತು ಹಾಕಿದ್ರು. ಏಳರಿಂದ ಒಂಬತ್ತರ ಆ ಹೊತ್ತಲ್ಲಿ ಅರ್ಧಕ್ಕರ್ಧ ಜನ ಆ ರಟ್ಟು ನೋಡಿ ಫೋನ್ ಜೇಬಿಗಿಟ್ಟು ನೋಟು ತೆಗೀತಿದ್ರು. ಉಳಿದೋರಿಗೆ ಹಾಟ್‌ಸ್ಪಾಟ್ ಸಾಕಾಯ್ತು. ಬಾಗಿಲು ಮುಚ್ಚೋ ತನಕ ಮತ್ತೆ ಯಾರೂ ಕಾಯಿ ವಾಪಸ್ ಇಟ್ಟು ಹೋಗಲಿಲ್ಲ.